ಚೀಟಿಯ ಹಿಂದಿನ ಪುಟ

(ಚಿಕ್ಕಮಗಳೂರಿನಲ್ಲಿ ಸರ್ಕಾರಿ ನೌಕರ ಗೆಳೆಯರ ಮುಂದೆ ಆಡಿದ ಮಾತು. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮೇ 31 ಅಂದರೆ ನಮ್ಮ ಕಚೇರಿಗಳಲ್ಲಿ ಯಾವ ದಿನ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಹುಟ್ಟಿದ ದಿನ ಸರಿಯಾಗಿ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ನಮ್ಮ ರಾಜ್ಯದಲ್ಲಿ ನಿವೃತ್ತಿ 60ಕ್ಕೆ. ತಿಂಗಳ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ. ಹಾಗಾಗಿ ಮೇ 31 ಬಂತೆಂದರೆ ಒಂದೇ ಊರಲ್ಲಿ ಎರಡು ಮೂರು ಬೀಳ್ಕೊಡುಗೆ. ಹಾರ, ಶಾಲು, ಫಲತಾಂಬೂಲ. ಆಮೇಲೆ "ನೀವೊಂದೆರಡು ಮಾತಾಡಿ" ಅಂತ ಯಾರಾದರೂ ಮೈಕು ಕೊಡುತ್ತಾರೆ.

ಆ ಒಂದೆರಡು ಮಾತಿನ ಬಗ್ಗೆ ಹೇಳಿ ಅಂತ ನೀವು ನನ್ನನ್ನು ಕರೆದಿದ್ದೀರಿ. ನಾನು ಭಾಷಣಕಾರನಲ್ಲ. ಮೂಡಿಗೆರೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವವನು. ನನಗೆ ಗೊತ್ತಿರುವುದು ನಾನೇ ಕೂತು ಬರೆದ ಒಂದು ಭಾಷಣದ ಕಥೆ. ಅದನ್ನೇ ಮೊದಲಿನಿಂದ ಹೇಳುತ್ತೇನೆ.

ನಮ್ಮಲ್ಲಿ ನಿವೃತ್ತರಾದವರು ಒಬ್ಬ ಸಿಸ್ಟರ್. ಕಾಗದದಲ್ಲಿ ಅವರ ಹುದ್ದೆಯ ಹೆಸರು ಸರ್ವಿಸ್ಸಿನಲ್ಲಿ ಬದಲಾಗುತ್ತಾ ಬಂತು. ಹಳ್ಳಿಯಲ್ಲಿ ಮಾತ್ರ ಕೊನೇತನಕ ಸಿಸ್ಟರಮ್ಮ. ಎಸ್ಟೇಟ್ ಲೈನುಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಅವರ ಕೈಯಲ್ಲಿ ಚುಚ್ಚಿಸಿಕೊಂಡ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅವರ ಬಗ್ಗೆ ಮಾತಾಡಬೇಕಾದವನು ನಾನು. ಆದರೆ ಅವರ ಕೆಲಸದ ಮುಕ್ಕಾಲು ಪಾಲು ನಾನು ನೋಡಿಯೇ ಇಲ್ಲ. ನಾನು ಇರುವುದು ಔಷಧಿ ಕೋಣೆಯ ಕಿಟಕಿ ಹಿಂದೆ. ಅವರು ಇರುತ್ತಿದ್ದುದು ತೋಟದ ದಾರಿಯಲ್ಲಿ, ಹಳ್ಳದ ಆಚೆ.

ಅದಕ್ಕೇ ಆಸ್ಪತ್ರೆಯವರಿಗೆಲ್ಲ ಹೇಳಿದೆ: ನಿಮಗೆ ನೆನಪಿರುವುದನ್ನು ಒಂದು ಹಾಳೆ ಮೇಲೆ ಬರೆದುಕೊಡಿ. ದೊಡ್ಡದಾಗಿ ಬೇಡ, ಒಂದೊಂದು ಸಾಲು ಸಾಕು. ನಾಲ್ಕು ದಿನ ಆ ಹಾಳೆ ಕೈಯಿಂದ ಕೈಗೆ ಓಡಾಡಿತು. ಐದನೇ ದಿನ ರಾತ್ರಿ ನಮ್ಮ ಲ್ಯಾಬಿನ ಹುಡುಗ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ನಾನಾಗ ಹಾಸನದಲ್ಲಿದ್ದೆ, ತಂಗಿ ಮನೆಯಲ್ಲಿ. ಕಾರ್ಯಕ್ರಮಕ್ಕೆ ಇನ್ನು ಮೂರು ದಿನ.

ಫೋಟೋ ನೋಡಿದೆ. ಗೆರೆ ಹಾಳೆ, ನಾಲ್ಕು ಮಡಿಕೆ. ಒಂದರಿಂದ ಹದಿನೇಳರವರೆಗೆ ನಂಬರು. ಎರಡು ಬಣ್ಣದ ಪೆನ್ನು, ನಡುವೆ ಒಂದೆರಡು ಸಾಲು ಪೆನ್ಸಿಲ್. ಬಲ್ಬಿನ ಕೆಳಗೆ ತೆಗೆದದ್ದರಿಂದ ಕೈಯ ನೆರಳು ಅಡ್ಡ ಬಿದ್ದಿತ್ತು. ಒಂಬತ್ತನೇ ಸಾಲು ಸರಿಯಾಗಿ ಮಡಿಕೆಯ ಮೇಲೆ ಕೂತಿತ್ತು. ಹಾಳೆಯ ಕೆಳಗಿನ ಬಲ ಮೂಲೆ ಫೋಟೋದಲ್ಲಿ ಅರ್ಧ ಕತ್ತರಿಸಿಹೋಗಿತ್ತು. ಆ ಮೂಲೆಯಲ್ಲಿ "ಪು.ತಿ." ಅನ್ನುವ ಎರಡಕ್ಷರ ಕಾಣುತ್ತಿತ್ತು. ಯಾರದೋ ಇನಿಶಿಯಲ್ ಇರಬೇಕು ಅಂದುಕೊಂಡು ಬಿಟ್ಟೆ. ಆ ಎರಡಕ್ಷರ ನೆನಪಿಟ್ಟುಕೊಳ್ಳಿ. ಆಮೇಲೆ ಅಲ್ಲಿಗೇ ಬರುತ್ತೇನೆ.

ಫೋಟೋ ತೆಗೆಯುವುದರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಹಗಲು ಹೊತ್ತು, ಜಗಲಿಯಲ್ಲೋ ಕಿಟಕಿ ಪಕ್ಕದಲ್ಲೋ ಹಾಳೆ ಇಡಿ. ಫ್ಲ್ಯಾಶ್ ಬೇಡ. ಫ್ಲ್ಯಾಶ್ ಬಿದ್ದ ಕಡೆ ಪೆನ್ಸಿಲ್ ಗೆರೆ ಬಿಳುಚಿಕೊಂಡು ಮಾಯವಾಗುತ್ತದೆ. ಫೋನು ಹಾಳೆಗೆ ನೇರವಾಗಿ ಮೇಲಿರಲಿ, ನಾಲ್ಕೂ ಮೂಲೆ ಕಾಣಲಿ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ದೊಡ್ಡದು ಮಾಡಿ ನೋಡುವಾಗ ಅಕ್ಷರ ಕಲಸಿಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಮತ್ತೆ, ಹಾಳೆ ಮಗುಚಿ ಹಿಂದೇನಿದೆ ಅಂತಲೂ ನೋಡಿ.

ನಾನು ಮೊದಲು ಮಾಡಿದ್ದು, ನೋಟ್‌ಬುಕ್ಕಿನಲ್ಲಿ ಇಡೀ ಪಟ್ಟಿಯನ್ನು ಕೈಯಲ್ಲೇ ಇಳಿಸಿಕೊಂಡದ್ದು. ಒಂದು ಸಾಲು ಬರೆದು ನಾಲ್ಕು ಸಾಲು ಖಾಲಿ. ಕಾಗುಣಿತ ತಿದ್ದಲಿಲ್ಲ, ಅವರು ಹೇಗೆ ಬರೆದಿದ್ದರೋ ಹಾಗೆ. ಓದಲಾಗದ ಪದಕ್ಕೆ ಸುತ್ತ ಒಂದು ಗೆರೆ. ಊಹೆ ಮಾಡಿ ತುಂಬಲಿಲ್ಲ. ಆ ತಾಳ್ಮೆಯಿಂದ ಎರಡು ಕಡೆ ಉಳಿದುಕೊಂಡೆ.

ಒಂದು, ನಾಲ್ಕನೇ ಸಾಲು. "ಮೊದಲ ಪೋಲಿಯೊ, ಬುತ್ತಿ, ಮಂಗ" ಅಂತಿತ್ತು. ಮುಂದೆ ಕನ್ನಡ ಅಂಕಿಯಲ್ಲಿ ವರ್ಷ. ಅದು ೯೬ ಇರಬಹುದು, ೯೯ ಇರಬಹುದು. ಅವಸರದಲ್ಲಿ ಬರೆದ ಕನ್ನಡದ ಆರು, ಒಂಬತ್ತು ಎರಡೂ ಅಣ್ಣತಮ್ಮಂದಿರ ಥರ. ಎರಡು ವರ್ಷವೂ ಅವರ ಸರ್ವಿಸ್ಸಿನ ಒಳಗೇ ಬರುತ್ತವೆ, ಅದರಿಂದ ಗೊತ್ತಾಗುವುದಿಲ್ಲ. ಉತ್ತರ ಆ ಸಾಲಿನಲ್ಲೇ ಇತ್ತು. "ಮೊದಲ ಪೋಲಿಯೊ" ಅಂತ ಇದೆಯಲ್ಲ? ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರ ಡಿಸೆಂಬರಿನಲ್ಲಿ, ಅದರ ಬೆನ್ನಿಗೇ 1996ರ ಜನವರಿಯಲ್ಲಿ ಇನ್ನೊಂದು ಸುತ್ತು. ಹಾಗಾದರೆ ಅದು ೯೬. 99ರ ಹೊತ್ತಿಗೆ ಪೋಲಿಯೊ ಹನಿ ಎಲ್ಲರಿಗೂ ರೂಢಿಯಾಗಿತ್ತು, ಯಾರೂ ಮೊದಲನೆಯದು ಅಂತ ಬರೆಯುವುದಿಲ್ಲ. ಆದರೂ ಬರೆದವರಿಗೆ ಫೋನ್ ಮಾಡಿ ಕೇಳಿದೆ. ಬೀಳ್ಕೊಡುಗೆಯಲ್ಲಿ ವರ್ಷ ತಪ್ಪಿದರೆ ಏನಾಗುತ್ತೆ ಗೊತ್ತಲ್ವಾ? ಸಭೆಯಲ್ಲಿ ಕೂತ ನಾಲ್ಕು ಜನ ಪಕ್ಕದವರ ಕಡೆ ತಿರುಗಿ ಸರಿ ವರ್ಷ ಯಾವುದು ಅಂತ ಮಾತಾಡಲು ಶುರುಮಾಡುತ್ತಾರೆ. ಮುಂದಿನ ಕಥೆ ಅವರ ಕಿವಿಗೆ ಬೀಳುವುದಿಲ್ಲ.

ಎರಡನೆಯದು, ಮಡಿಕೆಯ ಮೇಲಿದ್ದ ಒಂಬತ್ತನೇ ಸಾಲು. ಅದು "ಹಳ್ಳದ ಹತ್ರ ಕೊಡ" ಅಂತ ಕಾಣುತ್ತಿತ್ತು. ಕೊಡ ಅಂದರೆ ನೀರಿನ ಕೊಡ. ಸಿಸ್ಟರಮ್ಮ ಯಾವುದೋ ಬಾಣಂತಿಗೆ ನೀರು ಹೊತ್ತುಕೊಟ್ಟಿರಬೇಕು ಅಂತ ನನ್ನ ತಲೆಯಲ್ಲಿ ಆಗಲೇ ಒಂದು ಕಥೆ ಬೆಳೆದುಬಿಟ್ಟಿತ್ತು. ಒಳ್ಳೆಯ ಕಥೆ ಕೂಡ. ಅವರು ಮಾಡುವಂಥ ಕೆಲಸವೇ. ಆದರೆ ನೋಟ್‌ಬುಕ್ಕಿನಲ್ಲಿ ಅದರ ಸುತ್ತ ಗೆರೆ ಇತ್ತಲ್ಲ, ಬರೆದವರು ಯಾರು ಅಂತ ಕೇಳಿದೆ. ನಮ್ಮ ಜೀಪಿನ ಡ್ರೈವರ್. ಅವರಿಗೆ ಫೋನ್ ಮಾಡಿದರೆ, "ಕೊಡ ಅಲ್ಲ ಸಾರ್, ಕೊಡೆ" ಅಂದರು. ಅಕ್ಷರದ ತಲೆ ಮೇಲಿನ ಎತ್ವ ಮಡಿಕೆಯೊಳಗೆ ಸೇರಿಹೋಗಿತ್ತು.

ಈ ಕೊಡೆಯ ಕಥೆ ನಿಮಗೆ ಪೂರ್ತಿ ಹೇಳಬೇಕು. ಒಂದು ಸಾಲಿನಿಂದ ಭಾಷಣ ಹೇಗೆ ಹುಟ್ಟಿತು ಅಂತ ಅದರಲ್ಲೇ ಇದೆ.

ಡ್ರೈವರನ್ನು "ಏನಾಯ್ತು?" ಅಂತ ಕೇಳಿದರೆ ಬಂದ ಉತ್ತರ ಇಷ್ಟೇ: "ಏನಿಲ್ಲ ಸಾರ್, ಮಳೇಲಿ ಬಂದ್ರು, ಪಾಪ." ಹೀಗೆ ಕೇಳಿದರೆ ಎಲ್ಲರೂ ಹೇಳುವುದು ಇಷ್ಟೇ. ಹಾಗಾಗಿ ಬೇರೆ ಥರ ಕೇಳಿದೆ. ನೀವಾಗ ಎಲ್ಲಿ ನಿಂತಿದ್ದಿರಿ? ಅವರ ಕೈಯಲ್ಲಿ ಏನಿತ್ತು? ಅವರು ಬಾಯಿಬಿಟ್ಟು ಏನಂದರು? ಈ ಮೂರು ಕೇಳಿ ಸುಮ್ಮನಾದೆ. ಅವರು ಹತ್ತು ನಿಮಿಷ ಮಾತಾಡಿದರು.

ಆಷಾಢದ ಮಳೆ. ಜೀಪು ಹಳ್ಳದ ಈಚೆಗೇ ನಿಲ್ಲಬೇಕು. ಆಚೆ ಹೋಗಲು ಅಡಿಕೆ ದಬ್ಬೆಯ ಕಾಲುಸಂಕ. ಬೆಳಿಗ್ಗೆ ದಾಟಿ ಹೋದ ಸಿಸ್ಟರಮ್ಮ ಸಂಜೆ ವಾಪಸ್ ಬರುವಾಗ ನೀರು ಸಂಕದ ಹತ್ತಿರಕ್ಕೆ ಏರಿತ್ತು. ಅವರು ಸೀರೆ ಮೇಲಕ್ಕೆ ಕಟ್ಟಿ, ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಕೊಡೆ ಹಿಡಿದು ಬರುತ್ತಿದ್ದಾರೆ. ಕೊಡೆ ಅವರ ತಲೆ ಮೇಲಿಲ್ಲ. ಬ್ಯಾಗಿನ ಮೇಲಿದೆ. ಅವರು ಪೂರ್ತಿ ನೆನೆದಿದ್ದಾರೆ, ಬ್ಯಾಗು ನೆನೆದಿಲ್ಲ. ಜೀಪಿಗೆ ಹತ್ತಿದ ಮೇಲೆ ಡ್ರೈವರ್ ಕೇಳಿದರಂತೆ, "ಇದೇನು ಸಿಸ್ಟರೇ, ಕೊಡೆ ಇಟ್ಕೊಂಡೂ ನೆಂದಿದ್ದೀರಿ?" ಅದಕ್ಕೆ ಅವರು, "ನನ್ನ ಮೈ ಒಣಗುತ್ತೆ ಕಣಪ್ಪ, ರಿಜಿಸ್ಟರ್ ಒಣಗಲ್ಲ" ಅಂದರಂತೆ.

ಆ ರಿಜಿಸ್ಟರಿನಲ್ಲಿ ಏನಿರುತ್ತದೆ ಅಂತ ಆರೋಗ್ಯ ಇಲಾಖೆಯಲ್ಲಿ ಇಲ್ಲದವರಿಗೆ ಹೇಳುತ್ತೇನೆ. ಯಾವ ಗರ್ಭಿಣಿಗೆ ಎಷ್ಟನೇ ತಿಂಗಳು, ಯಾರ ರಕ್ತ ಕಮ್ಮಿ ಇದೆ, ಯಾವ ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ, ಮುಂದಿನದು ಯಾವಾಗ, ಎಲ್ಲ ಅದರಲ್ಲೇ. ಆಗ ಕಂಪ್ಯೂಟರ್ ಎಲ್ಲಿತ್ತು? ಎಸ್ಟೇಟ್ ಲೈನಿನ ಜನ ಕೆಲಸ ಇದ್ದ ಕಡೆ ಹೋಗಿಬಿಡುತ್ತಾರೆ, ಕೈಲಿ ಕೊಟ್ಟ ಕಾರ್ಡು ಎಷ್ಟೋ ಸಲ ಕಳೆದಿರುತ್ತದೆ. ಪೆನ್ನಿನಲ್ಲಿ ಬರೆದ ಶಾಯಿ ನೀರಿಗೆ ಹರಡಿತು ಅಂದರೆ ಆ ಮಗುವಿನ ಲೆಕ್ಕ ಬೇರೆಲ್ಲೂ ಇಲ್ಲ. ಇದು ಗೊತ್ತಾದ ಮೇಲೆ ಆ ಕೊಡೆ ಸುಮ್ನೆ ಪಾಪ ಅನ್ನಿಸುವ ಕೊಡೆ ಆಗಿ ಉಳಿಯುವುದಿಲ್ಲ.

ಈಗ ನನ್ನ ಮೊದಲ ಕರಡಿನಲ್ಲಿ ಏನಿತ್ತು ಕೇಳಿ. "ಮಳೆ, ಚಳಿ, ಗಾಳಿ ಎನ್ನದೆ ಅವರು ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸಿದರು." ಇದನ್ನು ಅಂಚೆಯವರಿಗೆ ಹೇಳಬಹುದು, ಲೈನ್‌ಮನ್ನಿಗೆ ಹೇಳಬಹುದು, ನನಗೂ ಹೇಳಬಹುದು. ಅದನ್ನು ಹೊಡೆದು ಹಾಕಿ, ಹಳ್ಳ, ಸಂಕ, ಕೊಡೆ, ರಿಜಿಸ್ಟರ್, ಅವರ ಒಂದು ಮಾತು, ಇಷ್ಟನ್ನು ಮಾತ್ರ ಇಟ್ಟೆ. ನಿಷ್ಠೆ ಅನ್ನುವ ಪದ ಇಡೀ ಭಾಷಣದಲ್ಲಿ ಒಂದು ಸಲವೂ ಬರಲಿಲ್ಲ.

ಇನ್ನು ಹನ್ನೆರಡನೇ ಸಾಲು. "ಐಸ್ ಕಿವಿಗೆ ಹಿಡಿಯೋದು" ಅಂತಿತ್ತು. ಬರೆದವಳು ಹೊಸದಾಗಿ ಬಂದ ಸಿಸ್ಟರ್. ಇದನ್ನು ಯಾರಿಗೂ ಫೋನ್ ಮಾಡಿ ಕೇಳಬೇಕಾಗಿರಲಿಲ್ಲ. ನನಗೂ ಅವರೇ ಕಲಿಸಿದ್ದು.

ಲಸಿಕೆ 2ರಿಂದ 8 ಡಿಗ್ರಿ ಒಳಗಿರಬೇಕು. ಹಳ್ಳಿಗೆ ಒಯ್ಯುವಾಗ ಒಂದು ಡಬ್ಬಿಯಲ್ಲಿ, ಸುತ್ತ ನಾಲ್ಕು ಐಸ್ ಪ್ಯಾಕ್ ಇಟ್ಟು ಒಯ್ಯುತ್ತಾರೆ. ಎಲ್ಲರ ಹೆದರಿಕೆ ಬಿಸಿಯದು. ಆದರೆ ಕೆಲವು ಲಸಿಕೆ ಚಳಿಗೂ ಕೆಡುತ್ತವೆ. ಧನುರ್ವಾಯುವಿನ ಚುಚ್ಚುಮದ್ದು ಅಂಥದ್ದು. ಒಮ್ಮೆ ಗಡ್ಡೆಕಟ್ಟಿತು ಅಂದರೆ ಮತ್ತೆ ಕರಗಿಸಿದರೂ ಅದು ಕೆಲಸಕ್ಕೆ ಬಾರದು. ಫ್ರೀಜರಿನಿಂದ ಆಗ ತಾನೇ ತೆಗೆದ ಐಸ್ ಪ್ಯಾಕನ್ನು ಹಾಗೇ ಡಬ್ಬಿಗೆ ಇಟ್ಟರೆ ಪಕ್ಕದ ಸೀಸೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಪ್ಯಾಕನ್ನು ಹೊರಗೆ ಸ್ವಲ್ಪ ಹೊತ್ತು ಇಟ್ಟು, ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕಿದ ಸದ್ದು ಬಂದರೆ ಆಗ ಡಬ್ಬಿಗೆ. ಬೆಳಿಗ್ಗೆ ಏಳೂವರೆಗೆ, ಜೀಪು ಹಾರ್ನ್ ಹೊಡೆಯುತ್ತಿದ್ದರೂ, ನಾಲ್ಕು ಪ್ಯಾಕನ್ನೂ ಒಂದೊಂದಾಗಿ ಕಿವಿಗೆ ಹಿಡಿದು ಕೇಳುತ್ತಿದ್ದರು. "ಇದು ಇನ್ನೂ ಮಾತಾಡ್ತಿಲ್ಲ, ಎರಡು ನಿಮಿಷ" ಅನ್ನುತ್ತಿದ್ದರು.

ಇದನ್ನು ಭಾಷಣದಲ್ಲಿ ಹೇಗೆ ಹೇಳುವುದು? ಈಗ ನಿಮಗೆ ಹೇಳಿದಷ್ಟು ವಿವರ ಅಲ್ಲಿ ಹೇಳಿದರೆ ಅದು ಲಸಿಕೆಯ ತರಬೇತಿಯಾಗುತ್ತದೆ. ಏನೂ ಹೇಳದಿದ್ದರೆ ಸಿಸ್ಟರಮ್ಮ ಐಸನ್ನು ಕಿವಿಗೆ ಯಾಕೆ ಹಿಡಿದರು ಅಂತ ಊರಿನವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ವಿವರಕ್ಕೆ ಒಂದೇ ವಾಕ್ಯ: "ಲಸಿಕೆ ಬಿಸಿಗೂ ಕೆಡುತ್ತೆ, ಜಾಸ್ತಿ ಚಳಿಗೂ ಕೆಡುತ್ತೆ." ಉಳಿದದ್ದು ಅವರ ಕಿವಿ, ಡ್ರೈವರಿನ ಹಾರ್ನು, "ಇನ್ನೂ ಮಾತಾಡ್ತಿಲ್ಲ" ಅನ್ನುವ ಮಾತು. ಯಾವುದೇ ಕೆಲಸದ ಗುಟ್ಟನ್ನು ಬೀಳ್ಕೊಡುಗೆಯಲ್ಲಿ ಹೇಳುವಾಗ ನಾನು ಹೀಗೇ ಮಾಡುತ್ತೇನೆ. ಕೂತವರಲ್ಲಿ ಅವರ ಗಂಡ ಇರುತ್ತಾರೆ, ಮೊಮ್ಮಕ್ಕಳಿರುತ್ತಾರೆ. ಮೂವತ್ತು ವರ್ಷ ಆಕೆ ಬೆಳಿಗ್ಗೆ ಮನೆ ಬಿಟ್ಟು ಹೋಗಿ ಮಾಡುತ್ತಿದ್ದುದೇನು ಅಂತ ಅವರಿಗೂ ಅಂದೇ ಮೊದಲ ಸಲ ಗೊತ್ತಾಗುವುದು.

ಈಗ "ಪು.ತಿ."ಗೆ ಬರುತ್ತೇನೆ.

ಹದಿನೇಳು ಸಾಲಿನಲ್ಲಿ ಯಾರು ಯಾವುದು ಬರೆದರು ಅಂತ ಒಂದೊಂದೇ ಕೇಳುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ನಮ್ಮ ಆಯಾ ಬರೆದದ್ದು ಒಂದೂ ಇಲ್ಲ. ಸಿಸ್ಟರಮ್ಮನ ಜೊತೆ ಹೆರಿಗೆ ಕೋಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ರಾತ್ರಿ ಕಳೆದವರು ಅವರು. ಲ್ಯಾಬಿನ ಹುಡುಗನಿಗೆ ಫೋನ್ ಮಾಡಿ, "ಆಯಮ್ಮನಿಗೆ ಹಾಳೆ ಕೊಡಲಿಲ್ವಾ?" ಅಂದೆ. "ಕೊಟ್ಟಿದ್ದೆ ಸಾರ್. ಹಿಂದುಗಡೆ ಇದೆಯಲ್ಲ" ಅಂದ.

ಪು.ತಿ.ನೋ. ಪುಟ ತಿರುಗಿಸಿ ನೋಡಿ. ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೇವೆ! "ನೋ" ಅನ್ನುವ ಅಕ್ಷರ ಫೋಟೋದ ಹೊರಗೆ ಉಳಿದದ್ದರಿಂದ ನನಗೆ ತಿಳಿಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ ಹಿಂದಿನ ಪುಟದ ಫೋಟೋ ಬಂತು. ಮೂರು ಸಾಲಿತ್ತು. ಹದಿನೆಂಟು, ಹತ್ತೊಂಬತ್ತು ಎರಡೂ ಆಶಾ ಕಾರ್ಯಕರ್ತೆಯರದು. ಇಪ್ಪತ್ತನೆಯದು ಅರ್ಧ ಪುಟ ತುಂಬಿತ್ತು. ಸಾಲು ದೊಡ್ಡದು ಅಂತ ಅಲ್ಲ, ಅಕ್ಷರ ದೊಡ್ಡದು. ಒಂದು ಗೆರೆಯ ಮೇಲೆ ನಿಲ್ಲದೆ ಎರಡು ಮೂರು ಗೆರೆ ಹಿಡಿದಿತ್ತು.

"ನಂಗೆ ಸಯಿ ಕಲ್ಸಿದ್ರು."

ಆಯಮ್ಮ ಕೆಲಸಕ್ಕೆ ಸೇರಿದಾಗ ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಹೆರಿಗೆ ನೋವು ಶುರುವಾಗಿ ಮಗು ಬರುವವರೆಗೆ ರಾತ್ರಿ ಬಹಳ ಹೊತ್ತು ಸುಮ್ಮನೆ ಕಾಯುವುದಿರುತ್ತದೆ. ಆ ಹೊತ್ತಿನಲ್ಲಿ ಸಿಸ್ಟರಮ್ಮ ಖಾಲಿ ಔಷಧಿ ಡಬ್ಬದ ರಟ್ಟು ಬಿಚ್ಚಿ, ಅದರ ಒಳಮೈಯಲ್ಲಿ ಇವರ ಹೆಸರಿನ ಅಕ್ಷರ ಬರೆದುಕೊಟ್ಟು ತಿದ್ದಿಸಿದ್ದಾರೆ. ಒಂದು ಮಳೆಗಾಲ ಹಿಡಿಯಿತಂತೆ. ಇದು ಆಸ್ಪತ್ರೆಯಲ್ಲಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ರಟ್ಟಿನ ಡಬ್ಬಗಳನ್ನು ಅವರಿಗೆ ಕೊಡುತ್ತಿದ್ದವನು ನಾನೇ. ಒಲೆಗೆ ಒಯ್ಯುತ್ತಾರೆ ಅಂದುಕೊಂಡಿದ್ದೆ.

ಕಾಗುಣಿತ ತಿದ್ದಲಿಲ್ಲ ಅಂದೆನಲ್ಲ, ಇದಕ್ಕೆ. "ನನಗೆ ಸಹಿ ಮಾಡಲು ಕಲಿಸಿದರು" ಅಂತ ಬರೆದುಕೊಂಡಿದ್ದರೆ ಅದು ಒಂದು ಮಾಹಿತಿ. ಆಯಮ್ಮ ಬರೆದ ಹಾಗೇ ಇಟ್ಟರೆ, ಆ ಸಾಲೇ ಸಿಸ್ಟರಮ್ಮನ ಕೆಲಸ.

ಆದರೆ ಇದನ್ನು ವೇದಿಕೆ ಮೇಲೆ ಹೇಳಬಹುದಾ? ಒಬ್ಬರನ್ನು ಹೊಗಳುವಾಗ ಇನ್ನೊಬ್ಬರು ಓದಿಲ್ಲ ಅನ್ನುವುದು ಊರಿಗೆಲ್ಲ ತಿಳಿಯುತ್ತದೆ. ನಾನು ಮೂಡಿಗೆರೆಗೆ ವಾಪಸ್ ಹೋದ ಮೇಲೆ ಆಯಮ್ಮನ ಹತ್ತಿರ ಕೂತು ಕೇಳಿದೆ. ಫೋನಿನಲ್ಲಿ ಕೇಳುವ ವಿಷಯ ಅಲ್ಲ ಅದು. ಅವರು ಸ್ವಲ್ಪ ಹೊತ್ತು ನೆಲ ಗುಡಿಸಿದರು. ಆಮೇಲೆ, "ನೀವು ಹೇಳ್ಬೇಡಿ. ನಾನೇ ಹೇಳ್ತೀನಿ, ನೀವು ಪಕ್ಕದಲ್ಲಿ ನಿಂತ್ಕೊಳ್ಳಿ" ಅಂದರು.

ಪಟ್ಟಿಯಿಂದ ಬಿಟ್ಟದ್ದರ ಬಗ್ಗೆಯೂ ಹೇಳಬೇಕು. ಇಪ್ಪತ್ತರಲ್ಲಿ ನಾನು ಇಟ್ಟುಕೊಂಡದ್ದು ನಾಲ್ಕು. "ಒಳ್ಳೆ ಮನಸ್ಸು", "ಎಲ್ಲರನ್ನೂ ನಗಿಸ್ತಾರೆ" ಥರದ ಐದು ಸಾಲಿಗೆ ಕೇಳಿದರೂ ಘಟನೆ ಸಿಗಲಿಲ್ಲ, ಬಿಟ್ಟೆ. ಎಲ್ಲೆಲ್ಲಿ ಕೆಲಸ ಮಾಡಿದರು ಅನ್ನುವ ಸರ್ವಿಸ್ ವಿವರ ಪ್ರಾಸ್ತಾವಿಕದಲ್ಲಿ ಬಂದೇ ಬರುತ್ತದೆ, ಅದೂ ಹೋಯಿತು. ಆರನೇ ಸಾಲು ಮಾತ್ರ ಬೇರೆ ಕಾರಣಕ್ಕೆ ಬಿಟ್ಟದ್ದು. ಅದು ಒಂದು ಹೆಣ್ಣುಮಗುವಿನ ಕಷ್ಟದಲ್ಲಿ ಸಿಸ್ಟರಮ್ಮ ರಾತ್ರೋರಾತ್ರಿ ನಿಂತ ಕಥೆ. ಪಟ್ಟಿಯಲ್ಲೇ ದೊಡ್ಡ ಕಥೆ ಅದು. ಅದನ್ನು ಹೆಸರಿಲ್ಲದೆ, ಊರಿಲ್ಲದೆ ಹೇಳಬಹುದಲ್ಲ ಅಂತ ಒಬ್ಬರು ಅಂದರು. ನಮ್ಮಂಥ ಊರಲ್ಲಿ ಹೆಸರು ಹೇಳದಿದ್ದರೆ ಜನ ಹುಡುಕುತ್ತಾರೆ. ಯಾವ ವರ್ಷ, ಯಾವ ಲೈನು ಅಂತ ಲೆಕ್ಕ ಹಾಕುತ್ತಾರೆ. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ, ಸಭೆಗೆ ಬಂದು ಕೂತಿರಲೂಬಹುದು. ಸಿಸ್ಟರಮ್ಮ ಇಷ್ಟು ವರ್ಷ ಬಾಯಿಬಿಡದ ವಿಷಯವನ್ನು ಅವರ ಸನ್ಮಾನದ ದಿನ ನಾನು ಬಿಡಲೇ? ನೋಟ್‌ಬುಕ್ಕಿನಲ್ಲೂ ಆ ಸಾಲು ಕಾಣದಂತೆ ಹೊಡೆದುಹಾಕಿದೆ. ಲ್ಯಾಬಿನ ಹುಡುಗನಿಗೂ ಹೇಳಿದೆ, ಫೋಟೋ ಗ್ರೂಪಿಗೆ ಹಾಕಬೇಡ ಅಂತ. ಮೂಲ ಹಾಳೆಯನ್ನು ವೇದಿಕೆಗೆ ಒಯ್ಯುವ ಮುಂಚೆ ಆ ಸಾಲಿನ ಮೇಲೆ ಒಂದು ಪಟ್ಟಿ ಕಾಗದ ಅಂಟಿಸಿದೆವು.

ಉಳಿದದ್ದು ಮಂಗ, ಕೊಡೆ, ಐಸು, ಸಯಿ. ಈ ಕ್ರಮ ನಾನು ಬೇಕೆಂದೇ ಇಟ್ಟದ್ದು. ಮಂಗದ ಕಥೆ ಚಿಕ್ಕದು. ಮೊದಲ ಪೋಲಿಯೊ ದಿನ ಬೂತಿನಲ್ಲಿಟ್ಟ ಬುತ್ತಿಯನ್ನು ಮಂಗ ಎತ್ತಿಕೊಂಡು ಹೋಯಿತು. ಮಕ್ಕಳಿಗೆ ಹನಿ ಹಾಕಿಸಲು ಬಂದ ಲೈನಿನ ಹೆಂಗಸರು ಮನೆಗೆ ವಾಪಸ್ ಹೋಗಿ ಕಡುಬು, ಚಟ್ನಿ ತಂದುಕೊಟ್ಟರು. ಅಲ್ಲಿಂದ ಅವರ ಸ್ನೇಹ ಶುರು. ಸಭೆಯವರು ನಕ್ಕು ಸಡಿಲಾಗುತ್ತಾರೆ, ಆಮೇಲೆ ಕೊಡೆ ಕೇಳಲು ಕಿವಿ ತೆರೆದಿರುತ್ತದೆ. ಆಯಮ್ಮನ ಮಾತು ಕೊನೆಗೇ ಬರಬೇಕು. ಅದಾದ ಮೇಲೆ ಮಾತಾಡಲು ಯಾರಿಗೂ ಆಗುವುದಿಲ್ಲ.

ಉದ್ದದ ಬಗ್ಗೆ: ಗೆರೆ ಹಾಳೆಯ ಒಂದು ಪುಟ ಓದಲು ನನಗೆ ಸುಮಾರು ಎರಡು ನಿಮಿಷ ಬೇಕು. ಮೂರು ಪುಟ ಬರೆದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಎಲ್ಲ ಮುಗಿದು ನಮ್ಮ ಸರದಿ ಬರುವ ಹೊತ್ತಿಗೆ ಒಗ್ಗರಣೆ ವಾಸನೆ ಬರುತ್ತಿರುತ್ತದೆ. ಆರು ನಿಮಿಷ ಸಾಕು. ಮೂಲ ಹಾಳೆ ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಪ್ರತಿ ಕಥೆಗೂ ಮೊದಲು ಆ ಸಾಲನ್ನು ಬರೆದ ಹಾಗೇ ಓದುವುದು, ಆಮೇಲೆ ತಲೆಯೆತ್ತಿ ಹೇಳುವುದು. "ಮೊದಲ ಪೋಲಿಯೊ, ಬುತ್ತಿ, ಮಂಗ" ಅಂತ ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ "ಹೌದೌದು" ಅಂದರು. ಆಯಮ್ಮ ಬಂದು ಮೈಕಿನ ಮುಂದೆ ನಿಂತು, ಇಪ್ಪತ್ತನೇ ಸಾಲನ್ನು ಬೆರಳಿಟ್ಟು ಓದಿದರು. ಅಷ್ಟೇ. ಬೇರೇನೂ ಹೇಳಲಿಲ್ಲ. ಸಿಸ್ಟರಮ್ಮ ಕುರ್ಚಿಯಿಂದ ಎದ್ದು ಬಂದು ಅವರ ಕೈ ಹಿಡಿದುಕೊಂಡರು.

ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಊಟದ ಹೊತ್ತಿಗೆ ಸಿಸ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ತಪ್ಪು ಹೇಳಿದ್ರಿ ನೀವು" ಅಂದರು. ಕೊಡೆಯ ಕಥೆಯಲ್ಲಿ. ಸಂಕದ ಮೇಲೆ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಕೊಡೆ ಸರಿ. ಬ್ಯಾಗು? ಆ ಬ್ಯಾಗಿಗೆ ಉದ್ದ ಪಟ್ಟಿ ಇರಲಿಲ್ಲ, ಕೈಯಲ್ಲೇ ಹಿಡಿಯುವ ಬ್ಯಾಗು. ಡ್ರೈವರ್ ಈಚೆ ದಡದಲ್ಲಿ ನಿಂತು ನೋಡುತ್ತಿರಲಿಲ್ಲ. ಜೀಪು ಬಿಟ್ಟು, ಸಂಕ ದಾಟಿ ಆಚೆಗೆ ಬಂದು, ಬ್ಯಾಗನ್ನು ತಲೆ ಮೇಲೆ ಹೊತ್ತು ಮುಂದೆ ಮುಂದೆ ನಡೆದಿದ್ದರು. ಸಿಸ್ಟರಮ್ಮ ಹಿಂದಿನಿಂದ ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಇಬ್ಬರೂ ನೆನೆದಿದ್ದರು.

ನಾನು ಕೇಳಿದ ಮೂರು ಪ್ರಶ್ನೆಯಲ್ಲಿ ಮೊದಲನೆಯದೇ "ನೀವೆಲ್ಲಿ ನಿಂತಿದ್ದಿರಿ" ಅಂತ. ಅದಕ್ಕೆ ಅವರು "ಜೀಪಿನ ಹತ್ರ" ಅಂದಿದ್ದರು. ತಮ್ಮ ಪಾಲನ್ನು ತಾವೇ ತೆಗೆದುಬಿಟ್ಟಿದ್ದರು. ಬೀಳ್ಕೊಡುಗೆಯ ನೆನಪು ಕೇಳಿದಾಗ ಒಳ್ಳೆಯವರು ಹೀಗೆ ಮಾಡುತ್ತಾರೆ. ಸಿಸ್ಟರಮ್ಮನಿಗೆ ಮುಂಚೆ ತಿಳಿಯಬಾರದು ಅಂತ ಅವರನ್ನು ಕೇಳಿರಲಿಲ್ಲ. ಅವತ್ತು ಜೀಪಿನಲ್ಲಿದ್ದ ಇನ್ನೊಬ್ಬರನ್ನಾದರೂ ಕೇಳಬಹುದಿತ್ತು. ಈಗ ಯಾವ ಕಥೆಯಾದರೂ ಇಬ್ಬರನ್ನು ಕೇಳದೆ ಬರೆಯುವುದಿಲ್ಲ.

ಹಾಳೆಯನ್ನು ಅವರಿಗೇ ಕೊಟ್ಟೆ. ಅವರು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಬಾಳೆಎಲೆ ಸ್ವಲ್ಪ ಸರಿಸಿ, ಹಾಳೆಯ ಹಿಂದಿನ ಪುಟದಲ್ಲಿ, ಆಯಮ್ಮನ ದೊಡ್ಡ ಅಕ್ಷರದ ಕೆಳಗೆ, 21 ಅಂತ ನಂಬರು ಹಾಕಿ ಡ್ರೈವರಿನ ಹೆಸರು ಬರೆದರು.